ಡಿಎಲ್ ಶೀಟ್: ಮಳೆ ನಿಂತ ಮೇಲೆ ಟಾರ್ಗೆಟ್ 132 ಬರ್ತಿದೆ, ಎಲ್ಲಿ ತಪ್ಪಿದೆ?

ಹೊಸ ಸ್ಕೋರರ್:
ಡಕ್ವರ್ತ್-ಲೂಯಿಸ್ ಸ್ಟ್ಯಾಂಡರ್ಡ್ ಎಡಿಷನ್ ಟೇಬಲ್ ಇಟ್ಟುಕೊಂಡು ಒಂದು ಶೀಟ್ ಮಾಡಿದ್ದೇನೆ. ಪರೀಕ್ಷೆಗೆ ಒಂದು ಪಂದ್ಯ ಹಾಕಿದೆ. ಮೊದಲು ಆಡಿದವರು 50 ಓವರಲ್ಲಿ 250. ಎರಡನೇ ತಂಡ 20 ಓವರಿಗೆ 2 ವಿಕೆಟ್‌ಗೆ 95 ಹೊಡೆದಾಗ ಮಳೆ ಬಂತು. 10 ಓವರ್ ಕಡಿತ, ಇನ್ನು 20 ಓವರ್ ಆಟ. ಟೇಬಲ್‌ನಲ್ಲಿ 20 ಓವರ್ ಬಾಕಿ, 2 ವಿಕೆಟ್ ಬಿದ್ದಿದ್ದರೆ ರನ್ ಗಳಿಸೋ ಸಾಮರ್ಥ್ಯದಲ್ಲಿ ಶೇಕಡಾ 52.4 ಉಳಿದಿರುತ್ತೆ. ಅದನ್ನೇ R2 ಅಂತ ಕೊಟ್ಟೆ. S ಮೊದಲ ತಂಡದ ರನ್, R1 ಅವರಿಗೆ ಸಿಕ್ಕ ಶೇಕಡಾವಾರು, ಅಂದ್ರೆ 100.

```
=ROUND(S*R2/R1,0)+1
```

132 ಬಂತು. 20 ಓವರಲ್ಲಿ ಬರೀ 37 ರನ್ ಸಾಕಾ? ಎಲ್ಲೋ ದೊಡ್ಡ ತಪ್ಪಿದೆ.

ಕವರ್ ಡ್ರೈವ್:
ಇಷ್ಟೆಲ್ಲ ಬೇಡ. 50ರಲ್ಲಿ 40 ಓವರ್ ಉಳಿದಿದೆ, ಹಾಗಾಗಿ 200, ಗೆಲ್ಲೋಕೆ 201. ಆಟ ಅಲ್ಲಿಗೇ ನಿಂತುಹೋದ್ರೆ ಮಾತ್ರ ವಿಕೆಟ್ ನೋಡಬೇಕು.

ಹಳೇ ಸ್ಕೋರ್‌ಬುಕ್:
ಆಟ ನಿಂತಾಗ ವಿಕೆಟ್ ಲೆಕ್ಕಕ್ಕೆ ಬರುತ್ತೆ ಅನ್ನೋದು ನಿಜ. ಆದರೆ ಮತ್ತೆ ಶುರುವಾದಾಗಲೂ ಬರುತ್ತೆ. 40 ಓವರಿಗೂ ಅದೇ ಹತ್ತು ವಿಕೆಟ್ ಇರುತ್ತೆ, ಹಾಗಾಗಿ ಬ್ಯಾಟ್ಸ್‌ಮನ್‌ಗಳು ಜಾಸ್ತಿ ಧೈರ್ಯವಾಗಿ ಹೊಡೆಯಬಹುದು. 201 ಕೊಟ್ರೆ ಚೇಸ್ ಮಾಡೋರಿಗೆ ಸುಮ್ನೆ ಲಾಭ.

ಹೊಸ ಸ್ಕೋರರ್, ನಿಮ್ಮ ತಪ್ಪು R2ನಲ್ಲಿದೆ. R2 ಅಂದ್ರೆ ಈಗ ಕೈಲಿ ಉಳಿದದ್ದಲ್ಲ, ಇಡೀ ಇನಿಂಗ್ಸಿಗೆ ಸಿಕ್ಕಿದ್ದು. ಮಳೆ ಬಂದಾಗ 30 ಓವರ್ ಬಾಕಿ, 2 ವಿಕೆಟ್ ಬಿದ್ದಿತ್ತು, ಅಂದ್ರೆ ಕೈಲಿ 67.3 ಇತ್ತು. ಆಟ ಶುರುವಾದಾಗ 52.4. ಮಳೆ ತಿಂದದ್ದು 14.9. ಅದನ್ನು 100ರಲ್ಲಿ ಕಳೆದರೆ R2 85.1. 250ಕ್ಕೆ ಅದು 212.75. 212 ಹೊಡೆದರೆ ಟೈ, 213 ಹೊಡೆದರೆ ಗೆಲುವು.

ಇನ್ನೊಂದು ತಪ್ಪು ಅಡಗಿ ಕೂತಿದೆ. ROUND ಇಟ್ರೆ 212.75 ಹೋಗಿ 213 ಆಗುತ್ತೆ, ಟಾರ್ಗೆಟ್ 214 ತೋರಿಸುತ್ತೆ. INT ಹಾಕಿ. ಒಂದು ರನ್ ಅಂತ ಬಿಡಬೇಡಿ. 2003ರ ವಿಶ್ವಕಪ್‌ನಲ್ಲಿ, ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕಾ ಟೈ ಆಗೋ ಸ್ಕೋರನ್ನೇ ಗೆಲುವಿನ ಸ್ಕೋರ್ ಅಂದುಕೊಂಡಿತ್ತು. ಮಾರ್ಕ್ ಬೌಷರ್ ಕೊನೇ ಚೆಂಡನ್ನು ರನ್ ತಗೊಳ್ಳದೆ ತಡೆದರು. 229ಕ್ಕೆ ಪಂದ್ಯ ಟೈ ಆಯ್ತು, ತಂಡ ಟೂರ್ನಿಯಿಂದ ಹೊರಬಿತ್ತು. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತೆ.

ಹೊಸ ಸ್ಕೋರರ್:
213 ಬಂತು ಸರ್! ಆದರೆ ಇನ್ನೊಂದು ಗೊಂದಲ. ಅದೇ ಪಂದ್ಯದಲ್ಲಿ 2ರ ಬದಲು 5 ವಿಕೆಟ್ ಹಾಕಿ ನೋಡಿದೆ. ಟಾರ್ಗೆಟ್ 235ಕ್ಕೆ ಏರಿತು. ಮೊದಲೇ ಒದ್ದಾಡ್ತಿರೋ ತಂಡಕ್ಕೆ 22 ರನ್ ಜಾಸ್ತಿ ಯಾಕೆ?

ಹಳೇ ಸ್ಕೋರ್‌ಬುಕ್:
ಸರಿಯಾಗೇ ಇದೆ. 5 ವಿಕೆಟ್ ಬಿದ್ದ ತಂಡ ಆ 10 ಓವರಲ್ಲಿ ಹೆಚ್ಚೇನೂ ಹೊಡೀತಿರಲಿಲ್ಲ, ಎಷ್ಟೋ ಸಲ ಆಡೋಕೆ ಆಳೇ ಉಳಿದಿರಲ್ಲ. 44.7ರಿಂದ 38.6ಕ್ಕೆ ಇಳೀತು, ಕಳಕೊಂಡದ್ದು 6.1 ಅಷ್ಟೇ.

ಶೀಟ್ ಸರಿ ಇದೆಯಾ ಅಂತ ತಿಳಿಯೋಕೆ ನಾನು ಮಾಡೋದು ಹೀಗೆ. ಮಳೆಗೆ ಸ್ವಲ್ಪ ಮುಂಚಿನ ಪಾರ್ ಸ್ಕೋರ್, ಮಳೆ ನಿಂತ ಮೇಲಿನ ಪಾರ್ ಸ್ಕೋರ್, ಎರಡನ್ನೂ ನೋಡಿ. ಪಾರ್ ಅಂದ್ರೆ ಆ ಹೊತ್ತಿಗೆ ಸಮಬಲದಲ್ಲಿರೋಕೆ ಬೇಕಾದ ಸ್ಕೋರ್. 2 ವಿಕೆಟ್ ಇದ್ದಾಗ ಖರ್ಚಾದದ್ದು 32.7, ಪಾರ್ 81.75. ಹೊಸ ಟಾರ್ಗೆಟ್ ಬಂದ ಮೇಲೂ 81.75 ಬರಬೇಕು. ಅಂದ್ರೆ ಮಳೆಗೆ ಮುಂಚೆ 95 ಹೊಡೆದು ಎಷ್ಟು ಮುಂದಿದ್ದರೋ ಆಮೇಲೂ ಅಷ್ಟೇ ಮುಂದೆ. 5 ವಿಕೆಟ್ ಇದ್ದಾಗ ಪಾರ್ 138.25, ಅವರು 43 ರನ್ ಹಿಂದಿದ್ದರು. ಮಳೆ ಬಂದ ಮಾತ್ರಕ್ಕೆ ಆ ಹಿನ್ನಡೆ ಅಳಿಸಿಹೋಗಬಾರದಲ್ವಾ? ಎರಡು ಪಾರ್ ಹೊಂದಲಿಲ್ಲ ಅಂದ್ರೆ R2 ಮತ್ತೆ ನೋಡಿ.

ಲಾಂಗ್ ಆಫ್:
ನಮ್ಮ 30 ಓವರ್ ಪಂದ್ಯದಲ್ಲಿ 180 ಹೊಡೆದಿದ್ವಿ. ಎದುರು ತಂಡ ಇಳಿಯೋ ಮುಂಚೆ ಮಳೆ ಬಂದು 20 ಓವರ್ ಆಯ್ತು. ಟೇಬಲ್‌ನಲ್ಲಿ 56.6, ಹಾಗಾಗಿ ಸ್ಕೋರರ್ 102 ಅಂದ್ರು. ಸುಲಭವಾಗಿ ಗೆದ್ದುಬಿಟ್ಟರು. ಇದೂ ವಿಕೆಟ್ ಸಮಸ್ಯೆನಾ?

ಹಳೇ ಸ್ಕೋರ್‌ಬುಕ್:
ಅಲ್ಲ, ನಿಮ್ಮದು R1 ತಪ್ಪು. 30 ಓವರ್ ಇನಿಂಗ್ಸ್ 100 ಅಲ್ಲ, 75.1ರಿಂದ ಶುರುವಾಗುತ್ತೆ. 180ನ್ನು 56.6ರಿಂದ ಗುಣಿಸಿ 75.1ರಿಂದ ಭಾಗಿಸಿದ್ರೆ 135.66. ಟಾರ್ಗೆಟ್ 136 ಆಗಬೇಕಿತ್ತು. ನಿಮಗೆ ಅನ್ಯಾಯವೇ ಆಗಿದೆ.

ಕವರ್ ಡ್ರೈವ್:
ಒಪ್ಪಿದೆ, 201 ಸರಿಯಲ್ಲ. ಆದರೆ ಟಿವಿಯಲ್ಲಿ ಬರೋ ಸಂಖ್ಯೆ ಈ ಟೇಬಲ್‌ಗೆ ಹೊಂದಲ್ಲವಲ್ಲ?

ಹಳೇ ಸ್ಕೋರ್‌ಬುಕ್:
ಅಂತಾರಾಷ್ಟ್ರೀಯ ಪಂದ್ಯಕ್ಕೆ ಈಗ ಸ್ಟರ್ನ್ ಹೆಸರೂ ಸೇರಿದ ಡಿಎಲ್ಎಸ್ ಇದೆ, ಅದನ್ನು ಕಂಪ್ಯೂಟರಲ್ಲೇ ಹಾಕ್ತಾರೆ. ಮೊದಲ ತಂಡದ ಸ್ಕೋರ್ ತುಂಬಾ ದೊಡ್ಡದಾದ್ರೆ ಅದರಲ್ಲಿ ಶೇಕಡಾವಾರುಗಳೇ ಬದಲಾಗುತ್ತೆ. ಕಾಗದದ ಟೇಬಲ್‌ನಿಂದ ಅದೇ ಉತ್ತರ ಬರಲ್ಲ.

ಹೊಸ ಸ್ಕೋರರ್:
ಪಾರ್ ಎರಡೂ ಹೊಂದಿತು. ಇನ್ನೊಂದು ಉಳೀತು: ಮೊದಲ ಇನಿಂಗ್ಸಿನ ಮಧ್ಯೆ ಮಳೆ ಬಂದು R2, R1ಗಿಂತ ಜಾಸ್ತಿ ಆದ್ರೆ?

ಹಳೇ ಸ್ಕೋರ್‌ಬುಕ್:
ಆಗ ಗುಣಿಸೋದಲ್ಲ, ಕೂಡಿಸೋದು. ಎರಡರ ವ್ಯತ್ಯಾಸಕ್ಕೆ ತಕ್ಕಷ್ಟು ಸರಾಸರಿ ಸ್ಕೋರಿನ ಪಾಲನ್ನು ಸೇರಿಸಬೇಕು. ದೊಡ್ಡ ತಂಡಗಳ ಏಕದಿನ ಪಂದ್ಯಕ್ಕೆ ಆ ಸರಾಸರಿ 245 ಅಂತ ಇಟ್ಟಿದ್ದರು.

ಲಾಂಗ್ ಆಫ್:
ನಮ್ಮಲ್ಲಿ 50 ಓವರ್ ಆಟವೇ ಇಲ್ಲ. ಆ ಜಾಗಕ್ಕೆ ಯಾವ ಸಂಖ್ಯೆ ಹಾಕೋದು? 245 ಅಂತೂ ತುಂಬಾ ಜಾಸ್ತಿ ಆಗುತ್ತೆ.