ಹೊರಗೋಡೆಗೆ 5 ಬಕೆಟ್ ಸಾಕಾ? ಕೊಟೇಶನ್ ನೋಡಿ ಹೇಳಿ

201: ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟ್ ಪೇಂಟಿಂಗ್ ಕೊಟೇಶನ್ ಬಂದಿದೆ. ಹೊರಗೋಡೆ 6,000 ಚದರಡಿ, ಮೆಟ್ಟಿಲು ಕಡೆಯ ಒಳಗೋಡೆ 2,400. ಎರಡಕ್ಕೂ ಎರಡು ಕೋಟ್ ಎಮಲ್ಷನ್, ಲೀಟರಿಗೆ 60 ಚದರಡಿ ಅಂತ ಒಂದೇ ಲೆಕ್ಕ. ಹೊರಗೆ 100 ಲೀಟರ್, ಅಂದರೆ 20 ಲೀಟರಿನ 5 ಬಕೆಟ್. ಭಾನುವಾರದೊಳಗೆ ಒಪ್ಪಿಗೆ ಹೇಳಬೇಕು.

304: ಒಳಗಡೆ ಲೆಕ್ಕ ಸರಿ ಇದೆ ಮೇಡಂ, ಅಲ್ಲಿ ನುಣುಪು ಗೋಡೆ, 2 ಬಕೆಟ್ ಸಾಕು. ಹೊರಗಿನದು ಒಪ್ಪಬೇಡಿ. ನಮ್ಮದು ರಫ್ ಟೆಕ್ಸ್ಚರ್. ಟೇಪ್ ಹಿಡಿದು ಅಳೆದರೆ 6,000, ಆದರೆ ಪ್ರತಿ ಗುಂಡಿ, ಪ್ರತಿ ಉಬ್ಬಿನ ಬದಿಗೂ ಬಣ್ಣ ಹೋಗಬೇಕಲ್ಲ. ಎರಡು ಕೋಟ್‌ಗೆ ಲೀಟರಿಗೆ 35–40 ಚದರಡಿ ಬಂದರೆ ಹೆಚ್ಚು. 5 ಬಕೆಟ್‌ನಲ್ಲೇ ಮುಗಿಸಿದರೆ ನೀರು ಜಾಸ್ತಿ ಬೆರೆಸಿದ್ದಾರೆ ಅಂತಲೇ ಅರ್ಥ.

102: ಹಾಗಿದ್ರೆ ಹೊರಗೂ ಪುಟ್ಟಿ ಹಾಕಿಸಿ ನುಣುಪು ಮಾಡ್ಸಿಬಿಡೋಣ ಸರ್. ಬಣ್ಣ ಉಳಿಯುತ್ತೆ.

304: ನುಣುಪಾದರೆ ಬಣ್ಣ ಉಳಿಯೋದು ನಿಜ. ಆದರೆ ನಮ್ಮ ಗುಂಡಿ ತುಂಬೋಕೆ 2 ಮಿಲಿಮೀಟರ್ ಆದರೂ ಬೇಕು. ಅಷ್ಟಕ್ಕೆ 40 ಕೆಜಿಯ 35 ಚೀಲದ ಮೇಲೆ ಹೋಗುತ್ತೆ, ಕೂಲಿ ಬೇರೆ. ಅಷ್ಟು ದಪ್ಪ ಪುಟ್ಟಿ ಹಳೇ ಬಣ್ಣದ ಮೇಲೆ ಕಚ್ಚಿಕೊಳ್ಳಲ್ಲ, ಎರಡು ಮಳೆಗಾಲದಲ್ಲಿ ಹಪ್ಪಳದ ಥರ ಏಳುತ್ತೆ. ಬಿರುಕು ಇದ್ದ ಕಡೆ ಮಾತ್ರ ಕ್ರ್ಯಾಕ್ ಫಿಲ್ಲರ್ ತುಂಬಿಸೋಣ.

G-2: ನಮ್ಮ ಬೆಡ್‌ರೂಮಿನಲ್ಲಿ ಪುಟ್ಟಿ ಉದುರ್ತಾ ಇದೆ, ಬಾತ್‌ರೂಮ್ ಪಕ್ಕದ ಗೋಡೆ. ಇದರಲ್ಲೇ ಸೇರಿಸ್ತೀರಾ?

201: ಅಂಕಲ್, ಇದು ಕಾಮನ್ ಏರಿಯಾ ಮಾತ್ರ 🙏 ಮೊದಲು ಪ್ಲಂಬರ್‌ಗೆ ತೋರಿಸಿ.

403: ಪ್ರೈಮರ್ ಪೂರ್ತಿ ಒಂದು ಕೋಟ್ ಅಂತ ಹಾಕಿದ್ದಾರೆ. ಬೇಕಾ?

304: ಒಣ ಗೋಡೆ ಮೇಲೆ ಅಂಗೈ ಉಜ್ಜಿ ನೋಡಿ. ಇವತ್ತು ಬೆಳಿಗ್ಗೆ ಪೂರ್ವದ ಗೋಡೆ ಉಜ್ಜಿದೆ, ಕೈಗೇನೂ ಹತ್ತಲಿಲ್ಲ. ಟ್ಯಾಂಕ್ ಕಡೆ ಪಶ್ಚಿಮದ ಗೋಡೆಯಲ್ಲಿ ಸೀಮೆಸುಣ್ಣ ಹಿಡಿದ ಹಾಗೆ ಬಿಳಿ ಪುಡಿ. ಅಲ್ಲಿ ತೊಳೆದು, ಒಣಗಿಸಿ ಪ್ರೈಮರ್ ಬೇಕೇ ಬೇಕು. ಬಣ್ಣ ಗಟ್ಟಿ ಇರೋ ಕಡೆ ಫಿಲ್ಲರ್ ಹಾಕಿದ ಜಾಗಕ್ಕಷ್ಟೇ ಸಾಕು.

403: ಆದ್ರೂ 35–40 ಅನ್ನೋದೂ ಅಂದಾಜೇ ತಾನೆ?

304: ಹೌದು, ಅದಕ್ಕೇ ಅಳೆದು ನೋಡೋಣ. ಜನರೇಟರ್ ಹಿಂದಿನ ಗೋಡೆಯಲ್ಲಿ 10 ಅಡಿಗೆ 10 ಅಡಿ ಗೆರೆ ಎಳೆದು, 4 ಲೀಟರ್ ಡಬ್ಬಿ ನಮ್ಮೆದುರೇ ಒಡೆಸಿ, ಅದರ ಮೇಲೆ ಬರೆದಷ್ಟೇ ನೀರು ಬೆರೆಸಿ ಎರಡು ಕೋಟ್ ಹೊಡೆಸೋಣ. ನೀರು ಬೆರೆಸೋ ಮುಂಚೆ ಎಷ್ಟು ಬಣ್ಣ ತೆಗೆದರು ಅಂತ ಅಳೆಯಬೇಕು. 2.6 ಲೀಟರ್ ಹಿಡಿದರೆ 6,000ಕ್ಕೆ 156, ಅಂದರೆ 8 ಬಕೆಟ್.

102: ಮೂರು ಬಕೆಟ್ ಜಾಸ್ತಿ! ಮೇಂಟೆನೆನ್ಸ್ ಫಂಡಲ್ಲಿ ಇದೆಯಾ?

201: ಸದ್ಯಕ್ಕಿಲ್ಲ. ಶನಿವಾರ 10 ಗಂಟೆಗೆ ಜನರೇಟರ್ ಹತ್ತಿರ ಬನ್ನಿ, ಕಾಂಟ್ರಾಕ್ಟರ್‌ನೂ ಕರೆದಿದ್ದೀನಿ. ಅಳತೆ ಪಾತ್ರೆ ಯಾರ ಮನೇಲಿದೆ?

G-2: ನಮ್ಮನೆ ಹಾಲಿನ ಲೀಟರ್ ಅಳತೆ ಇದೆ. ತೊಳೆದು ಕೊಡಬೇಕು ಅಷ್ಟೆ.