ಎಡಿಟರ್‌ಗೆ ಏನು ಬರೆದುಕೊಡಬೇಕು? ನಮ್ಮ ಕಾಫಿ ವಿಡಿಯೋದ ಗೊಂದಲ

ಪ್ರಶ್ನೆ, ನಾಪೋಕ್ಲು ಕಡೆಯ ತೋಟದವರು: ಹೋಮ್‌ಸ್ಟೇಗಾಗಿ ಮೂರು ನಿಮಿಷದ ಕಾಫಿ ವಿಡಿಯೋ ಮಾಡಿಸ್ತಾ ಇದ್ದೇನೆ. ಬೆಂಗಳೂರಿನ ಫ್ರೀಲಾನ್ಸ್ ಎಡಿಟರ್‌ಗೆ 40 ಕ್ಲಿಪ್ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಚೆನ್ನಾಗಿ ಮಾಡಿ ಅಂದೆ. ಡ್ರಾಫ್ಟ್‌ನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗಿಂತ ಮೊದಲೇ ಕಣದಲ್ಲಿ ಒಣಗಿಸೋದು ಬಂದಿದೆ. ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿದ ಬೀಜ, ಅನ್ನೋ ಮಾತಿಗೆ ಕೆಂಪು ಚೆರ್ರಿ ತೋರಿಸಿದ್ದಾರೆ. ಹೇಗೆ ಬರೆದುಕೊಟ್ಟರೆ ಸರಿಹೋಗುತ್ತೆ?

ಮಡಿಕೇರಿಯ ವಿಡಿಯೋ ಎಡಿಟರ್: ಅವರದು ತಪ್ಪಲ್ಲ ಸರ್. ತೋಟ ನೋಡದವರಿಗೆ ಕಣದಲ್ಲಿ ಹರಡಿದ್ದೆಲ್ಲ ಕಾಫಿಯೇ. ಮೊದಲು ನೀವು ಆಡುವ ಮಾತನ್ನು ಒಂದೊಂದೇ ಸಾಲಾಗಿ ಬರೆಯಿರಿ. ಪ್ರತಿ ಸಾಲಿನ ಪಕ್ಕದಲ್ಲಿ ಯಾವ ಫೈಲು, ಎಲ್ಲಿಂದ ಎಲ್ಲಿಯವರೆಗೆ, ಯಾವ ಸದ್ದು ಅಂತ ಹಾಕಿ. ನಿಮ್ಮದೇ ಉದಾಹರಣೆ:

```
ಮಾತು: ಕೊಯ್ದ ದಿನವೇ ಹಣ್ಣನ್ನು ಪಲ್ಪರ್‌ಗೆ ಹಾಕುತ್ತೇವೆ
ದೃಶ್ಯ: C0014.MP4, 0:42–0:51
ಸದ್ದು: ಪಲ್ಪರ್ ಸದ್ದು ಇರಲಿ, ಹಾಡು ಬೇಡ
ಮಾತು: ತೊಳೆದ ಪಾರ್ಚ್‌ಮೆಂಟ್ ಕಣಕ್ಕೆ ಬರುತ್ತದೆ
ದೃಶ್ಯ: C0031.MP4, 0:08–0:20
ಗಮನಿಸಿ: ಬಿಳಿಚಾಗಿರುವುದೇ ಪಾರ್ಚ್‌ಮೆಂಟ್. ಕೆಂಪು ಹಣ್ಣು ಬೇಡ
```

ಆ ಕೊನೆಯ ಸಾಲು ಇದ್ದಿದ್ದರೆ ಚೆರ್ರಿ ಬರುತ್ತಿರಲಿಲ್ಲ. ಬೇಕಾದ ಜಾಗದ ಹಿಂದೆ ಮುಂದೆ ಎರಡು ಸೆಕೆಂಡ್ ಹೆಚ್ಚಿಗೆ ಕೊಡಿ, ಕತ್ತರಿ ಹಾಕಲು ಅವರಿಗೂ ಜಾಗ ಬೇಕು.

ಇನ್ನೊಂದು, ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಹೆಸರೂ VID-20250114-WA0007.mp4 ಥರ ಬದಲಾಗುತ್ತದೆ. ನೀವು C0014 ಅಂತ ಬರೆದರೆ ಅವರ ಹತ್ತಿರ ಅದೇ ಇರೋದಿಲ್ಲ. ಡ್ರೈವ್‌ಗೆ ಹಾಕಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ಮಳೆಗಾಲದಲ್ಲಿ ನೆಟ್ ಕೈಕೊಟ್ಟಾಗ ನಾನು ಪೆನ್‌ಡ್ರೈವ್ ಕೊರಿಯರ್ ಮಾಡುತ್ತೇನೆ.

ಕುಶಾಲನಗರದ ಯೂಟ್ಯೂಬರ್: ಇಷ್ಟೆಲ್ಲ ಯಾಕಣ್ಣ? ಇಷ್ಟವಾದ ಒಂದು ವಿಡಿಯೋ ಲಿಂಕ್ ಕೊಟ್ಟು, ಹೀಗೇ ಬೇಕು ಅಂದರೆ ಸಾಕು. ನಾನು ಹಾಗೇ ಮಾಡೋದು.

ಮಡಿಕೇರಿಯ ಎಡಿಟರ್: ರೆಫರೆನ್ಸ್ ಬೇಕು, ಅದು ಸರಿ. ಆದರೆ ಲಿಂಕ್ ಮಾತ್ರ ಕೊಟ್ಟರೆ ಹಾಡು ಇಷ್ಟವೋ, ಬಣ್ಣ ಇಷ್ಟವೋ, ಕಟ್ ಆಗುವ ನಿಧಾನ ಇಷ್ಟವೋ ಅವರಿಗೆ ಹೇಗೆ ಗೊತ್ತಾಗಬೇಕು? ಹೀಗೆ ಬರೆಯಿರಿ: ‘0:30ರಿಂದ 0:45 ನೋಡಿ. ಒಂದೊಂದು ಶಾಟ್ ನಾಲ್ಕೈದು ಸೆಕೆಂಡ್ ನಿಲ್ಲುತ್ತದೆ, ಆ ನಿಧಾನ ಬೇಕು. ಹಾಡು, ಅಕ್ಷರದ ಶೈಲಿ ಬೇಡ.’ ಆ ಹಾಡನ್ನೇ ಎತ್ತಿ ಹಾಕಿದರೆ ಕಾಪಿರೈಟ್ ಕ್ಲೇಮ್ ಬರುವುದು ನಿಮ್ಮ ಚಾನೆಲ್‌ಗೆ, ಅವರಿಗಲ್ಲ.

ವಿರಾಜಪೇಟೆಯ ಒಬ್ಬರು: ನಮ್ಮ ಮಗಳ ಮದುವೆ ವಿಡಿಯೋದಲ್ಲಿ ಗಂಗಾ ಪೂಜೆಯನ್ನೇ ತೆಗೆದುಬಿಟ್ಟಿದ್ದರು! ನೀರು ಹೊತ್ತು ಬರುವ ಮದುಮಗಳ ದಾರಿಯನ್ನು ಜನ ಅಡ್ಡಗಟ್ಟಿ ಕುಣಿಯುತ್ತಿರುವುದು ಅವರಿಗೆ ಸುಮ್ಮನೆ ಗಲಾಟೆ ಅಂತ ಕಂಡಿತಂತೆ. ನಿಮಿಷಕ್ಕೆ ಎಷ್ಟು ರೇಟ್ ಅಂತ ಯಾರಾದರೂ ಹೇಳಿ.

ಮಡಿಕೇರಿಯ ಎಡಿಟರ್: ರೇಟಿನ ಮಾತು ಬೇರೆ ಇಡೋಣ ಅಕ್ಕ. ಆದರೆ ನೀವು ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ. ‘ಇದನ್ನು ತೆಗೆಯಬಾರದು’ ಅಂತ ಒಂದು ಪಟ್ಟಿ, ‘ಇದನ್ನು ಹಾಕಬಾರದು’ ಅಂತ ಇನ್ನೊಂದು ಬೇಕು. ಎರಡರಲ್ಲೂ ಐದಾರು ಸಾಲು ಮೀರದಿರಲಿ, ಮೂವತ್ತಾದರೆ ಯಾರೂ ಓದುವುದಿಲ್ಲ. ಸಾಲು ಓದಿ ಡ್ರಾಫ್ಟ್ ನೋಡಿದರೆ ಪಾಲಿಸಿದ್ದಾರೋ ಇಲ್ಲವೋ ಗೊತ್ತಾಗುವಂತಿರಬೇಕು. ‘ಮ್ಯೂಸಿಕ್ ಹಿತವಾಗಿರಲಿ’ ಅನ್ನುವುದು ಅಂಥ ಸಾಲಲ್ಲ. ‘ಮಾತು ಬರುವಾಗ ಮ್ಯೂಸಿಕ್ ತಗ್ಗಲಿ, ಪಲ್ಪರ್ ಶಾಟ್‌ನಲ್ಲಿ ನಿಲ್ಲಲಿ’ ಅನ್ನುವುದು ಹೌದು. ಲೈನ್‌ಮನೆ ಮಕ್ಕಳ ಮುಖ, ಒಪ್ಪಿಗೆ ಕೇಳದ ಕೆಲಸದವರ ಮುಖ ಹಾಕಬಾರದು ಅಂತ ಮೊದಲ ಸಾಲಲ್ಲೇ ಬರೆಯಿರಿ.

ಪ್ರಶ್ನೆ ಕೇಳಿದವರು: ಈಗ ಬಂದಿರುವ ಡ್ರಾಫ್ಟ್‌ಗೆ ತಿದ್ದುಪಡಿ ಹೇಗೆ ಕಳಿಸಲಿ? ಫೋನಿನಲ್ಲೇ ಹೇಳಿಬಿಡಲಾ?

ಮಡಿಕೇರಿಯ ಎಡಿಟರ್: ಬೇಡ, ಬರೆದೇ ಕಳಿಸಿ. ಯಾವ ಡ್ರಾಫ್ಟಿನ ಸಮಯ ಅನ್ನುವುದೂ ಇರಲಿ:

```
v1, 1:14–1:19: ಕೆಂಪು ಚೆರ್ರಿ ತೆಗೆಯಿರಿ, C0031.MP4 0:08ರಿಂದ ಹಾಕಿ
```

ಈ v1 ಬರೆಯದೆ ಎಷ್ಟೋ ಜನ ಎಡವುತ್ತಾರೆ. 0:20ರ ಹತ್ತಿರ ಆರು ಸೆಕೆಂಡ್ ತೆಗೆಸಿದಿರಿ ಅನ್ನಿ. ಮುಂದಿನ ಡ್ರಾಫ್ಟ್‌ನಲ್ಲಿ 1:14ರದ್ದು 1:08ಕ್ಕೆ ಜಾರಿರುತ್ತದೆ. ಹಳೆಯ ಸಮಯ ಇಟ್ಟುಕೊಂಡು ಹೊಸದನ್ನು ತಿದ್ದಿಸಿದರೆ ಸರಿಯಿದ್ದ ಶಾಟ್ ಹೋಗಿ ತಪ್ಪಿದ್ದದ್ದು ಉಳಿಯುತ್ತದೆ. ಒಂದು ಡ್ರಾಫ್ಟಿನ ತಿದ್ದುಪಡಿಯೆಲ್ಲ ಮನೆಯವರೆಲ್ಲ ನೋಡಿದ ಮೇಲೆ ಒಟ್ಟಿಗೆ ಕಳಿಸಿ. ರಾತ್ರಿ ಒಂದು, ಬೆಳಿಗ್ಗೆ ಎರಡು ಬೇಡ.

ಕುಶಾಲನಗರದ ಯೂಟ್ಯೂಬರ್: ಎಷ್ಟು ಸಲ ತಿದ್ದಿಕೊಡಬೇಕು? ನನಗೆ ಎರಡು ಸಲ ಆದಮೇಲೆ ದುಡ್ಡು ಕೇಳಿದರು.

ಮಡಿಕೇರಿಯ ಎಡಿಟರ್: ನಾನೂ ಎರಡು ಸಲ ಅನ್ನುತ್ತೇನೆ, ನನ್ನ ಸ್ನೇಹಿತರೊಬ್ಬರು ಮೂರು ಅನ್ನುತ್ತಾರೆ. ಕೆಲಸಕ್ಕೆ ಮೊದಲೇ ಮಾತಾಡಿಕೊಂಡಿದ್ದಷ್ಟೇ ಲೆಕ್ಕ. ಎಡಿಟರ್ ತಪ್ಪು ಓದಿದ್ದನ್ನು ಆ ಲೆಕ್ಕಕ್ಕೆ ಸೇರಿಸಬೇಕೇ ಅನ್ನುವ ಜಗಳ ಮಾತ್ರ ನಮ್ಮಲ್ಲೇ ಮುಗಿದಿಲ್ಲ.

ಪ್ರಶ್ನೆ ಕೇಳಿದವರು: ಕ್ಯಾಮೆರಾ ಕಾರ್ಡ್‌ನಲ್ಲಿ 31 ಕ್ಲಿಪ್ ಉಂಟು. ಉಳಿದ ಒಂಬತ್ತು ಫೋನಿನಲ್ಲಿ ತೆಗೆದದ್ದು, ಜಾಗ ಇಲ್ಲ ಅಂತ ಡಿಲೀಟ್ ಮಾಡಿಬಿಟ್ಟೆ.

ಮಡಿಕೇರಿಯ ಎಡಿಟರ್: ಆ ಒಂಬತ್ತನ್ನು ವಾಟ್ಸ್ಆ್ಯಪ್ ಹೆಸರಿನಲ್ಲೇ ಪಟ್ಟಿಗೆ ಸೇರಿಸಿ, ಪಕ್ಕದಲ್ಲಿ ‘ಮೂಲ ಇಲ್ಲ, ಎರಡು ಸೆಕೆಂಡ್ ಮೀರದಿರಲಿ, ಜೂಮ್ ಬೇಡ’ ಅಂತ ಬರೆಯಿರಿ. ಹಣ್ಣು ಕೊಯ್ಯುವ ದೃಶ್ಯ ಆ ಒಂಬತ್ತರಲ್ಲಿ ಇದ್ದರೆ, ರೊಬಸ್ಟಾ ಕೊಯ್ಲು ಮುಗಿಯುವುದರೊಳಗೆ ಮತ್ತೊಮ್ಮೆ ತೆಗೆದುಬಿಡಿ.