ಪದಚರ್ಚೆ: ಡೈನಮಿಕ್ ಹಜಾರ್ಡ್, ಫಂಕ್ಷನ್ ಹಜಾರ್ಡ್ – ಕನ್ನಡದಲ್ಲಿ ಏನಂತೀರಿ?

ಡಿಪ್ಲೊಮಾ ಉಪನ್ಯಾಸಕಿ, ಹಾಸನ
ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಲಾಜಿಕ್ ಸರ್ಕ್ಯೂಟ್ ಟಿಪ್ಪಣಿ ಕನ್ನಡದಲ್ಲಿ ಬರೀತಿದ್ದೀನಿ. ಔಟ್‌ಪುಟ್ 1ರಲ್ಲೇ ಇರಬೇಕಾದದ್ದು ಒಂದು ಚಣ 0ಗೆ ಬಿದ್ದು ಏಳುತ್ತಲ್ಲ, ಆ ಸ್ಟ್ಯಾಟಿಕ್ ಹಜಾರ್ಡ್‌ಗೆ ‘ಸ್ಥಿರ ತೊಡಕು’ ಅಂತ ಬರೆದೆ. ಡೈನಮಿಕ್‌ಗೆ ‘ಚಲನ ತೊಡಕು’, ಫಂಕ್ಷನ್ ಹಜಾರ್ಡ್‌ಗೆ ‘ಕಾರ್ಯ ತೊಡಕು’ ಅಂದರೆ ಆದೀತಾ? ಎರಡಕ್ಕೂ ಇರೋ ವ್ಯತ್ಯಾಸ ಬಿಡಿಸಿ ಹೇಳಿದರೆ ಉಪಕಾರ.

ಸಾಫ್ಟ್‌ವೇರ್‌ನವರು
ಪ್ರೊಸೆಸರ್ ಪೈಪ್‌ಲೈನಿನಲ್ಲಿ ಹಿಂದಿನ ಆದೇಶದ ಉತ್ತರ ಬರೋವರೆಗೂ ಮುಂದಿನದು ಕಾಯುತ್ತಲ್ಲ, ಅದೇ ತಾನೆ? ‘ತಡೆ’ ಅನ್ನಿ, ಸಾಕು.

ನಿವೃತ್ತ ಮೇಷ್ಟ್ರು, ಧಾರವಾಡ
ಅದು ಬೇರೆ ಹಜಾರ್ಡ್ರೀ. ಇವರು ಕೇಳಿದ್ದು ಗೇಟುಗಳದ್ದು. ಮೇಡಂ, ಹೆಸರು ಏನರ ಇಡ್ರಿ, ಮದ್ದು ಒಂದೇ: ಕಾರ್ನಾ ಮ್ಯಾಪಿನಾಗ ಅಕ್ಕಪಕ್ಕದ ಎರಡು ಗುಂಪಿನ ನಡುವೆ ಒಂದು ಹೆಚ್ಚುವರಿ ಟರ್ಮ್ ಹಾಕ್ರಿ. ಎಲ್ಲಾ ಹಜಾರ್ಡ್ ಹೋಗ್ತಾವ.

ಚಿಪ್ ಡಿಸೈನ್‌ನವರು, ಬೆಂಗಳೂರು
ಎಲ್ಲಾ ಹೋಗೋದಿಲ್ಲ ಸರ್. ಇದನ್ನು ನೋಡಿ:

```
F = (a·b + a'·c)·(a' + d)
```

b = c = 1, d = 0 ಇಟ್ಟು a ಯನ್ನು 1ರಿಂದ 0ಗೆ ಇಳಿಸಿ. F ಒಂದೇ ಸಲ 0ಯಿಂದ 1ಕ್ಕೆ ಏರಬೇಕು. ಆದರೆ a ಔಟ್‌ಪುಟ್ ಮುಟ್ಟೋಕೆ ಮೂರು ದಾರಿಗಳಿವೆ. a' + d ದಾರಿ ಮೊದಲು ಮುಟ್ಟಿದರೆ, ಮೊದಲ ಬ್ರಾಕೆಟ್ ಹಳೇ a·b ಬಲದಿಂದ ಇನ್ನೂ 1 ಇರುತ್ತೆ, F ಏರುತ್ತೆ. ಆಮೇಲೆ a·b ಬೀಳುತ್ತೆ, a'·c ಇನ್ನೂ ಬಂದಿಲ್ಲ, F ಇಳಿಯುತ್ತೆ. ಕೊನೆಗೆ a'·c ಬಂದಾಗ ಮತ್ತೆ ಏರುತ್ತೆ. 0-1-0-1. ಇದೇ ಡೈನಮಿಕ್ ಹಜಾರ್ಡ್. ಪ್ರತಿ ಗೇಟಿಗೆ 1 ನ್ಯಾನೋಸೆಕೆಂಡ್ ಕೊಟ್ಟು, a·b ಗೇಟಿಗೆ 2, a'·c ಗೇಟಿಗೆ ಹೋಗೋ ತಂತಿಗೆ ಹೆಚ್ಚಿಗೆ 2 ಕೊಟ್ಟು ಸಿಮ್ಯುಲೇಟ್ ಮಾಡಿ: F 3ಕ್ಕೆ ಏರಿ, 4ಕ್ಕೆ ಇಳಿದು, 6ಕ್ಕೆ ಮತ್ತೆ ಏರುತ್ತೆ. ಒಂದೇ ಇನ್‌ಪುಟ್ಟಿನಿಂದ ಕನಿಷ್ಠ ಮೂರು ದಾರಿ ಇಲ್ಲದಿದ್ದರೆ ಇದು ಆಗೋದಿಲ್ಲ. ಅದಕ್ಕೇ ಇದು ಹೆಚ್ಚಾಗಿ ಹಲವು ಹಂತದ ಸರ್ಕ್ಯೂಟಿನ ಕಾಯಿಲೆ.

F ನ ಮ್ಯಾಪಿನಲ್ಲಿ ಹುಡುಕಿದರೆ ಇದು ಸಿಗೋದೇ ಇಲ್ಲ ಸರ್. d = 0 ಇರೋ ಅರ್ಧದಲ್ಲಿ ಅಲ್ಲಿರೋದು a'·c ಒಂದೇ, ಜೋಡಿಸೋಕೆ ಇನ್ನೊಂದು ಗುಂಪೇ ಇಲ್ಲ. ತೊಡಕು ಒಳಗಿನ ಬ್ರಾಕೆಟ್ಟಿನದು. b·c ಯನ್ನು ಆ ಬ್ರಾಕೆಟ್ಟಿಗೆ ಸೇರಿಸಿದರೆ ಅದು 1ರಲ್ಲೇ ನಿಲ್ಲುತ್ತೆ, F ಒಂದೇ ಸಲ ಏರುತ್ತೆ. ಇಲ್ಲವೇ ಬಿಡಿಸಿ ಎರಡೇ ಹಂತದಲ್ಲಿ a'·c + a·b·d + b·c·d ಅಂತ ಕಟ್ಟಿ. ಹೆಚ್ಚುವರಿ ಟರ್ಮನ್ನು ಸಿಂಥೆಸಿಸ್ ಟೂಲ್ ವೇಸ್ಟ್ ಅಂತ ಕಿತ್ತುಹಾಕುತ್ತೆ, ಉಳಿಸು ಅಂತ ಅದಕ್ಕೆ ಹೇಳಬೇಕು.

ಫಂಕ್ಷನ್ ಹಜಾರ್ಡ್‌ನ ಜಾತಿಯೇ ಬೇರೆ. ಎಕ್ಸಾರ್ ತಗೊಳ್ಳಿ. ಇನ್‌ಪುಟ್ 01ರಿಂದ 10ಕ್ಕೆ ಹೋದರೆ ಎರಡೂ ಕಡೆ ಉತ್ತರ 1. ಆದರೆ ಎರಡು ಬಿಟ್‌ಗಳು ಒಂದೇ ಗಳಿಗೆಗೆ ಬದಲಾಗೋದಿಲ್ಲ. ನಡುವೆ 00 ಅಥವಾ 11 ಹಾದುಹೋದರೆ ಅಲ್ಲಿ ಉತ್ತರ ನಿಜವಾಗಿಯೂ 0. ಗೇಟ್ ಸುಳ್ಳು ಹೇಳಲಿಲ್ಲ. ಟರ್ಮ್ ಸೇರಿಸಿ ಆ 0ಯನ್ನು ಮುಚ್ಚಿದರೆ ಫಂಕ್ಷನ್ನೇ ಬದಲಾಯಿತು. ‘ಕಾರ್ಯ’ ಅಂದರೆ ಗೇಟಿನ ಕೆಲಸ ಕೆಟ್ಟಿದೆ ಅಂತ ಮಕ್ಕಳು ತಿಳೀತಾರೆ, ಅದು ಬೇಡ ಮೇಡಂ. ‘ಫಂಕ್ಷನ್ ಹಜಾರ್ಡ್’ ಅಂತಲೇ ಬಿಡಿ.

ಹವ್ಯಾಸಿ, ಉಡುಪಿ
ಓಹೋ, ನನ್ನ ಬೋರ್ಡಿನ ಕಥೆ ಇದೇ ಇರಬೇಕು ಮಾರಾಯ್ರೆ! 7493 ಕೌಂಟರ್, ಅದಕ್ಕೆ 74154 ಡಿಕೋಡರ್. ಡಿಕೋಡರಿನ ‘4’ ಪಿನ್ ಇನ್ನೊಂದು ಫ್ಲಿಪ್‌ಫ್ಲಾಪಿನ ಕ್ಲಾಕಿಗೆ ಕೊಟ್ಟಿದ್ದೇನೆ. ಸುತ್ತಿಗೆ ಒಂದು ಸಲ ಬದಲಾಗಬೇಕಾದ್ದು ಹೆಚ್ಚು ಸಲ ಬದಲಾಗ್ತದೆ. ಎಲ್‌ಇಡಿಯಲ್ಲಿ ನೋಡಿದರೆ ಎಲ್ಲ ಸರಿಯೇ ಉಂಟು. ಐಸಿ ಎರಡು ಬದಲಿಸಿಯೂ ಆಯ್ತು.

ಚಿಪ್ ಡಿಸೈನ್‌ನವರು
ಐಸಿ ಚೆನ್ನಾಗೇ ಇದೆ. 7493ರಲ್ಲಿ ಬಿಟ್‌ಗಳು ಒಂದರ ಹಿಂದೆ ಒಂದು ಬದಲಾಗುತ್ತವೆ. 7ರಿಂದ 8ಕ್ಕೆ ಹೋಗುವಾಗ ದಾರಿಯಲ್ಲಿ 6, 4, 0 ಬರುತ್ತವೆ. 5ರಿಂದ 6ಕ್ಕೆ ಹೋಗುವಾಗಲೂ ನಡುವೆ 4 ಇದೆ. ಎಲ್‌ಇಡಿಯಲ್ಲಿ ಅಷ್ಟು ಸಣ್ಣ ಮಿಂಚು ಕಣ್ಣಿಗೆ ಕಾಣೋದಿಲ್ಲ, ಫ್ಲಿಪ್‌ಫ್ಲಾಪಿಗೆ ಕಾಣುತ್ತೆ. ಹತ್ತರೊಳಗಿನ ಎಣಿಕೆಯಾದರೆ CD4017 ಹಾಕಿ. ಒಳಗಡೆ ಜಾನ್ಸನ್ ಕೌಂಟರ್ ಇರೋದರಿಂದ ಒಂದು ಹೆಜ್ಜೆಗೆ ಒಂದೇ ಬಿಟ್ ಬದಲಾಗುತ್ತೆ. 7493ಅನ್ನೇ ಉಳಿಸೋದಾದರೆ, ಅದು ಎಣಿಸೋದು ಕ್ಲಾಕ್ ಇಳಿದಾಗ. ಹಾಗಾಗಿ ಕ್ಲಾಕ್ ಮೇಲಿರೋ ಅರ್ಧದಲ್ಲಿ ಮಾತ್ರ ಡಿಕೋಡರಿನ ಎನೇಬಲ್ ತೆರೆಯಿರಿ.

ನಿವೃತ್ತ ಮೇಷ್ಟ್ರು
ಒಳಗಿನ ಬ್ರಾಕೆಟ್ ಮಾತು ಒಪ್ಪಿದೆ. ಆದ್ರ ಎನೇಬಲ್‌ಗೆ ಕ್ಲಾಕನ್ನ ಇನ್ವರ್ಟ್ ಮಾಡಿ ಕೊಡಬೇಕಲ್ಲ? ಅದು ಮುಚ್ಚೋದರೊಳಗ ಮೊದಲ ಬಿಟ್ ಬದಲಾಗಿಬಿಟ್ರ?

ಚಿಪ್ ಡಿಸೈನ್‌ನವರು
ಆ ಅಂತರ ಸಣ್ಣದೇ ಸರ್, ಗ್ಯಾರಂಟಿ ಕೊಡೋಕಾಗಲ್ಲ. ‘4’ನ್ನು ಕ್ಲಾಕ್ ಪಿನ್ನಿಗೆ ಕೊಡದೆ ಡಿ ಪಿನ್ನಿಗೆ ಕೊಟ್ಟು, ಮೂಲ ಕ್ಲಾಕ್ ಏರಿದಾಗ ಹಿಡಿಯೋದು ವಾಸಿ.

ಉಪನ್ಯಾಸಕಿ
‘ಕಾರ್ಯ’ ತೆಗೆದೆ. ಡೈನಮಿಕ್‌ಗೆ ‘ಚಲನ’ ಇನ್ನೂ ಒಗ್ಗುತ್ತಿಲ್ಲ. ‘ಏರಿಳಿತದ ತೊಡಕು’ ಅಂದರೆ ಸ್ಟ್ಯಾಟಿಕ್‌ನಲ್ಲೂ ಏರಿಳಿತ ಇದೆಯಲ್ಲ?